ಬಾಡಿಗೆ ಮನೆಯ ಕಿಟಕಿ ಗಾಜು ಒಡೆದರೆ

ಬೆಂಗಳೂರಿನ ಒಂದು ಮನೆಯಲ್ಲಿ ಬಾಡಿಗೆಯವರ ಮಗ ಆಡುತ್ತಿದ್ದ ಚೆಂಡು ಬಡಿದು ಹಾಲ್‌ನ ಕಿಟಕಿ ಗಾಜು ಒಡೆದಿದೆ ಎಂದಿಟ್ಟುಕೊಳ್ಳಿ. ರಿಪೇರಿ ಯಾರದು? ಮಾಲೀಕರು ಫೋನ್ ಎತ್ತಿಕೊಳ್ಳುವ ಮೊದಲು ಗಾಜನ್ನು ಒಮ್ಮೆ ನೋಡಬೇಕು. ಪೆಟ್ಟು ಬಿದ್ದ ಗಾಜಿನಲ್ಲಿ ಬಿರುಕುಗಳು ಒಂದು ಬಿಂದುವಿನಿಂದ ಸುತ್ತಲೂ ಹರಡಿರುತ್ತವೆ. ಫ್ರೇಮಿನ ಅಂಚಿನಿಂದ ಒಂದೇ ಗೆರೆ ಹೊರಟಿದ್ದರೆ ಬಿಸಿಲಿನ ಕಾವು ಅಥವಾ ಸರಿಯಾಗಿ ಕೂರಿಸದ ಗಾಜು ಕಾರಣವಿರಬಹುದು. ಅದನ್ನು ಬಾಡಿಗೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಊದಿಕೊಂಡ ಬಾಗಿಲು, ಗೆದ್ದಲು ಹಿಡಿದ ಚೌಕಟ್ಟು ಕೂಡ ಮಾಲೀಕರ ಪಾಲಿನವೇ.

ಚೆಂಡು ಬಡಿದದ್ದು ಖಚಿತವಾದ ಮೇಲೆ ಗಾಜಿನ ಅಂಗಡಿಯವರನ್ನು ಕರೆಸಿ ಅಳತೆ ತೆಗೆಸಿ, ಎಸ್ಟಿಮೇಟ್ ಬರೆಸಿಕೊಳ್ಳಿ. ಒಟ್ಟು ಮೊತ್ತವೊಂದನ್ನೇ ಹೇಳಿದರೆ ಅನುಮಾನ ಹುಟ್ಟುತ್ತದೆ. ಬಿಡಿಬಿಡಿಯಾಗಿ ಬರೆದು ಕಳಿಸಿದರೆ ಬಾಡಿಗೆಯವರೂ ಬೇರೆ ಅಂಗಡಿಯಲ್ಲಿ ವಿಚಾರಿಸಿ ನೋಡಬಹುದು. ಸಂದೇಶ ಹೀಗಿರಲಿ:

“ನಮಸ್ಕಾರ ಸರ್. ಹಾಲ್‌ನ ಕಿಟಕಿ ಗಾಜು ಒಡೆದಿರುವುದನ್ನು ನೋಡಿದೆ. ಮಗುವಿಗೆ ಏನೂ ಆಗಿಲ್ಲ ಎಂದು ತಿಳಿದು ಸಮಾಧಾನವಾಯಿತು. ಅಂಗಡಿಯವರ ಎಸ್ಟಿಮೇಟ್ ಕಳಿಸಿದ್ದೇನೆ: 5 ಎಂಎಂ ಗಾಜು, 8 ಚದರ ಅಡಿಗೆ 720 ರೂಪಾಯಿ, ರಬ್ಬರ್ ಬೀಡಿಂಗ್ 130, ಕೂಲಿ ಮತ್ತು ಸಾಗಾಟ 650, ಒಟ್ಟು 1,500. ಕಿಟಕಿಯ ರೋಲರ್‌ಗಳು ಹಳೆಯವಾಗಿ ಸವೆದಿವೆ, ಅವುಗಳ 300 ರೂಪಾಯಿ ನಾನೇ ಕೊಡುತ್ತೇನೆ. ಬೇರೆಯವರಿಂದ ಮಾಡಿಸುವುದಾದರೂ ಸರಿ, ಗಾಜಿನ ದಪ್ಪ ಇಷ್ಟೇ ಇರಲಿ. ದಯವಿಟ್ಟು ಈ ತಿಂಗಳ 20ರೊಳಗೆ ಮಾಡಿಸಿಬಿಡಿ. ದಿನ ಸಾಲದಿದ್ದರೆ ತಿಳಿಸಿ.”

ರೋಲರ್ ಖರ್ಚನ್ನು ಮಾಲೀಕರು ತಾವೇ ಹೊತ್ತದ್ದಕ್ಕೆ ಕಾರಣವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಸಹಜ ಸವಕಳಿಯನ್ನು ಬಾಡಿಗೆದಾರರ ಹೊಣೆಯಿಂದ ಹೊರಗಿಟ್ಟಿದೆ. ಅವರಿಂದಲೇ ಆದ ಹಾನಿಯನ್ನು ಮಾತ್ರ, ನೋಟಿಸ್ ತಲುಪಿದ ಮೂರು ತಿಂಗಳೊಳಗೆ ಸರಿಪಡಿಸಬೇಕು ಎನ್ನುತ್ತದೆ. ಒಡೆದ ಗಾಜಿನಿಂದ ಮಳೆನೀರು ಒಳಗೆ ಬರುವಾಗ ಅಷ್ಟು ದಿನ ಕಾಯಲಾಗದು. ಆದ್ದರಿಂದ ಹತ್ತು ಹದಿನೈದು ದಿನಗಳ ಗಡುವನ್ನು ಕೋರಿಕೆಯಾಗಿ ಮುಂದಿಡಬೇಕೇ ಹೊರತು ಬೆದರಿಕೆಯಾಗಿ ಅಲ್ಲ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಕಿಟಕಿ ಬಾಗಿಲುಗಳ ಗಾಜು, ಬೀಗ, ಹಿಡಿಕೆ ಬದಲಿಸುವುದನ್ನು ಬಾಡಿಗೆದಾರರಿಗೂ, ಅವುಗಳಿಗೆ ಬಣ್ಣ ಬಳಿಸುವುದನ್ನು ಮಾಲೀಕರಿಗೂ ವಹಿಸಿದೆ. ಆದರೆ ಅದು ರಾಜ್ಯಗಳು ಒಪ್ಪಿ ಜಾರಿ ಮಾಡಿದಲ್ಲಿ ಮಾತ್ರ ಕಾನೂನು. ಹಾಗಾಗಿ ಜಗಳ ಬಂದಾಗ ಮೊದಲು ತೆಗೆದು ನೋಡುವುದು ನಿಮ್ಮಿಬ್ಬರ ಅಗ್ರಿಮೆಂಟನ್ನೇ.

ಗಡುವು ಮೀರಿದರೆ ಇನ್ನೊಮ್ಮೆ ನೆನಪಿಸಿ. ಆಮೇಲೂ ಆಗದಿದ್ದರೆ, ಅಗ್ರಿಮೆಂಟಿನಲ್ಲಿ ಅವಕಾಶವಿದ್ದಲ್ಲಿ ನೀವೇ ಮಾಡಿಸಿ, ಬಿಲ್ ಕೊಟ್ಟು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು. ಮುಂದಿನ ಸಲ ಅಗ್ರಿಮೆಂಟ್ ಬರೆಸುವಾಗ ಗಾಜು, ಬೀಗ, ಬಾಗಿಲುಗಳ ರಿಪೇರಿ ಯಾರದೆಂದು ಒಂದು ಸಾಲು ಸೇರಿಸಿ, ಮನೆ ಕೊಡುವ ದಿನವೇ ಪ್ರತಿ ಕಿಟಕಿಯ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ.