ಪ್ಲೇಟ್ ಯಾರದು? ಫ್ಯಾಬ್ರಿಕೇಷನ್ ಬಿಲ್ಲಿನ ಕೋಡ್ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳು

ತೋರಣಗಲ್ಲು, ಕುರೆಕುಪ್ಪದ ಸುತ್ತ ಜಿಂದಾಲ್ ಉಕ್ಕಿನ ಕಾರ್ಖಾನೆಯನ್ನು ನಂಬಿಕೊಂಡು ಬದುಕುವ ವರ್ಕ್‌ಶಾಪ್‌ಗಳು ಎಷ್ಟೋ ಇವೆ. ಕತ್ತರಿಸುವುದು, ಬಗ್ಗಿಸುವುದು, ವೆಲ್ಡ್ ಮಾಡುವುದು ಇವುಗಳ ಕೆಲಸ. ಇಂಥ ವರ್ಕ್‌ಶಾಪ್‌ಗಳ ಲೆಕ್ಕ ಬರೆಯುವ ನನಗೆ ಪ್ರತಿ ತಿಂಗಳೂ ಕೇಳಿಬರುವ ಮಾತು ಒಂದೇ: “ಸರ, ನಮ್ದೆಲ್ಲ ಕಬ್ಬಿಣದ ಕೆಲಸ. ಎಲ್ಲಾದಕ್ಕೂ 7308 ಹಾಕಿಬಿಡ್ರಿ. ಹೆಂಗಿದ್ರೂ ಹದಿನೆಂಟು ಪರ್ಸೆಂಟೇ ಅಲ್ಲೇನ್ರಿ?”

ಆ ಮಾತಿನ ಹಿಂದೆ ಹಲವು ತಪ್ಪು ತಿಳಿವಳಿಕೆಗಳಿವೆ. ಅವನ್ನು ಒಂದೇ ವರ್ಕ್‌ಶಾಪಿನ ಒಂದು ತಿಂಗಳ ಕೆಲಸ ಇಟ್ಟುಕೊಂಡು ನೋಡೋಣ. ಹೆಸರು ಬೇಡ, ಅಂಕಿಗಳು ಲೆಕ್ಕಕ್ಕೆ ಅನುಕೂಲವಾಗುವಂತೆ ಇಟ್ಟುಕೊಂಡವು.

ಕಾರ್ಖಾನೆಯೊಂದು ತನ್ನದೇ 10,000 ಕಿಲೋ ಪ್ಲೇಟ್ ಮತ್ತು ಆ್ಯಂಗಲ್ ಅನ್ನು ಡೆಲಿವರಿ ಚಲನ್ ಮೇಲೆ ವರ್ಕ್‌ಶಾಪಿಗೆ ಕಳಿಸಿತು. ಅದರಿಂದ ಕನ್ವೇಯರ್ ಪಕ್ಕದ ನಡೆದಾಡುವ ದಾರಿ ಮತ್ತು ಕೈಹಿಡಿಕೆಗಳನ್ನು ಮಾಡಿಕೊಡಬೇಕು. ತಯಾರಾದದ್ದು 9,600 ಕಿಲೋ, ಕೂಲಿ ಕಿಲೋಗೆ ₹20. ಅಲ್ಲಿಗೆ ₹1,92,000. ಇದೇ ತಿಂಗಳು ವರ್ಕ್‌ಶಾಪ್ ತಾನೇ ಪ್ಲೇಟ್ ಖರೀದಿಸಿ 500 ಲೀಟರಿನ ನಾಲ್ಕು ನೀರಿನ ಟ್ಯಾಂಕ್ ಮಾಡಿಕೊಟ್ಟಿತು, ಒಂದಕ್ಕೆ ₹12,000ದಂತೆ ₹48,000. ಬೇರೆಯದೇ ವರ್ಕ್ ಆರ್ಡರ್ ಮೇಲೆ ಕಾರ್ಖಾನೆಯ ಒಳಗೆ ಹೋಗಿ ಆ 9,600 ಕಿಲೋ ಸಾಮಾನನ್ನು ಎತ್ತಿ ನಿಲ್ಲಿಸಿತು, ಕಿಲೋಗೆ ₹8ರಂತೆ ₹76,800. ಒಟ್ಟು ₹3,16,800. ಶೇ 18ರಂತೆ ತೆರಿಗೆ ₹57,024.

ನಂಬಿಕೆ: ಹೊರಗೆ ಬಂದ ವಸ್ತು ಏನೋ, ಕೋಡ್ ಅದರದ್ದೇ

7308 ಎಂದರೆ ಕಬ್ಬಿಣ–ಉಕ್ಕಿನ ಕಟ್ಟಡ ರಚನೆಗಳು ಮತ್ತು ಅವುಗಳ ಭಾಗಗಳು. ನಡೆದಾಡುವ ದಾರಿ ನೋಡಲು ಅದೇ ತರಹದ್ದು. ಆದರೂ ಈ ಬಿಲ್ಲಿನಲ್ಲಿ 7308 ತಪ್ಪು.

ವರ್ಕ್‌ಶಾಪ್ ಮಾರಿದ್ದು ಉಕ್ಕನ್ನಲ್ಲ, ಕೆಲಸವನ್ನು. ಉಕ್ಕು ಮೊದಲಿಂದ ಕೊನೆಯವರೆಗೂ ಕಾರ್ಖಾನೆಯದೇ. ಬೇರೆಯವರ ಸರಕಿನ ಮೇಲೆ ಮಾಡುವ ಕೆಲಸ ಸೇವೆ ಎಂದು ಜಿಎಸ್‌ಟಿ ಕಾಯ್ದೆಯ ಎರಡನೇ ಅನುಸೂಚಿ ನೇರವಾಗಿ ಹೇಳುತ್ತದೆ. ಸೇವೆಗಳ ಕೋಡ್‌ಗಳೆಲ್ಲ 99ರಿಂದ ಶುರುವಾಗುತ್ತವೆ. ಬೇರೆಯವರ ಸರಕಿನ ಮೇಲೆ ತಯಾರಿಕೆ ಮಾಡಿಕೊಡುವುದಕ್ಕೆ 9988, ಅದರಲ್ಲೂ ಲೋಹದ ರಚನೆ, ಟ್ಯಾಂಕ್‌ಗಳನ್ನು ಮಾಡಿಕೊಡುವುದಕ್ಕೆ 998871. ₹1,92,000ದ ಸಾಲಿಗೆ ಇದೇ ಸರಿಯಾದ ಕೋಡ್.

ಇಲ್ಲಿ ವರ್ಕ್‌ಶಾಪಿನವರು ತಪ್ಪದೆ ಒಂದು ಪ್ರಶ್ನೆ ಎತ್ತುತ್ತಾರೆ: “ವೆಲ್ಡಿಂಗ್ ರಾಡು, ಗ್ಯಾಸು, ಪೇಂಟು ನಮ್ದೇ ಅಲ್ವೇನ್ರಿ?” ಹೌದು. ಆದರೆ ಜಾಬ್ ವರ್ಕ್ ಮಾಡುವವರು ಬಂದ ಸರಕಿನ ಜೊತೆಗೆ ತಮ್ಮ ಸಾಮಾನನ್ನೂ ಬಳಸಬಹುದು, ಅಷ್ಟಕ್ಕೇ ಅದು ಜಾಬ್ ವರ್ಕ್ ಅಲ್ಲದೆ ಹೋಗುವುದಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2018ರ ಮಾರ್ಚ್‌ನ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದೆ. ರಾಡು, ಗ್ಯಾಸಿನ ಬೆಲೆ ಕೂಲಿಯಲ್ಲೇ ಸೇರಿರುತ್ತದೆ. ಅದಕ್ಕೆ ಬೇರೆ ಸಾಲು ಬೇಕಿಲ್ಲ.

ಟ್ಯಾಂಕಿನದು ಇದಕ್ಕೆ ತಿರುಗುಮುರುಗು. ಅಲ್ಲಿ ಪ್ಲೇಟ್ ವರ್ಕ್‌ಶಾಪಿನದು, ಮಾರಿದ್ದು ವಸ್ತು. ಹಾಗಾಗಿ ಅದಕ್ಕೆ ಸರಕಿನ ಕೋಡ್. ಅಲ್ಲೂ 7308 ಬರುವುದಿಲ್ಲ. ಯಂತ್ರಭಾಗ ಜೋಡಿಸದ ಕಬ್ಬಿಣದ ಟ್ಯಾಂಕ್ 300 ಲೀಟರ್ ಮೀರಿದರೆ 7309, ಅದರೊಳಗಿದ್ದರೆ 7310. ನಮ್ಮದು 500 ಲೀಟರಿನದು, ಆದ್ದರಿಂದ 7309. ಬಿಲ್ಲಿನ ವಿವರಣೆಯಲ್ಲಿ ಬರೀ ‘ಎಂಎಸ್ ಟ್ಯಾಂಕ್’ ಎಂದು ಬರೆದರೆ ಯಾರಿಗೂ ಇದು ತಿಳಿಯುವುದಿಲ್ಲ, ‘500 ಲೀಟರ್’ ಎಂದು ಸೇರಿಸಿ.

ಎತ್ತಿ ನಿಲ್ಲಿಸಿದ ಕೂಲಿ ಮೂರನೆಯ ತರಹದ್ದು. ಅದು 9954ರ ಕೆಳಗೆ ಬರುತ್ತದೆ. ಉಕ್ಕಿನ ರಚನೆ ನಿಲ್ಲಿಸುವುದಕ್ಕೇ 995455 ಇದೆ.

ಒಂದೇ ವರ್ಕ್‌ಶಾಪು, ಅವೇ ಕೈಗಳು, ಅದೇ ವೆಲ್ಡಿಂಗ್. ಕೋಡ್ ಮಾತ್ರ ಮೂರು. ಹಾಗಾಗಿ ಬಿಲ್ ಮಾಡುವ ಮೊದಲು ನಾನು ಕೇಳುವುದು ‘ಏನು ಮಾಡಿದ್ರಿ’ ಎಂದಲ್ಲ, ‘ಪ್ಲೇಟ್ ಯಾರದು’ ಎಂದು.

ನಂಬಿಕೆ: ತೆರಿಗೆ ಒಂದೇ ಅಂದಮೇಲೆ ಯಾವ ಕೋಡಾದರೇನು

ಮೂರು ಸಾಲಿಗೂ 7308 ಹಾಕಿದರೂ ತೆರಿಗೆ ಅದೇ ₹57,024, ನಿಜ. ಆದರೆ ಬಿಲ್ ಓದುವವರ ಕಣ್ಣಿಂದ ಒಮ್ಮೆ ನೋಡಿ. 9,600 ಕಿಲೋ ಉಕ್ಕಿನ ರಚನೆಯನ್ನು ಈ ವರ್ಕ್‌ಶಾಪ್ ಕಿಲೋಗೆ ₹20ರಂತೆ ಮಾರಿದೆ ಎಂದು ಆ ಕಾಗದ ಹೇಳುತ್ತಿದೆ. ಬರೀ ಪ್ಲೇಟಿನ ಬೆಲೆಯೇ ಅದರ ಎರಡು ಪಟ್ಟಿಗಿಂತ ಹೆಚ್ಚು. ಖರೀದಿ ಪುಸ್ತಕ ತೆಗೆದರೆ ಅಷ್ಟು ಪ್ಲೇಟ್ ತಂದದ್ದೇ ಇಲ್ಲ. ಬಿಲ್ ಇಲ್ಲದ ಪ್ಲೇಟ್ ತಂದು ಕಡಿಮೆ ಬೆಲೆ ತೋರಿಸಿದ್ದಾರೆಂದು ಅಧಿಕಾರಿಗೆ ಅನುಮಾನ ಬಂದರೆ ತಪ್ಪೇನು? ಆಗ ಹಳೆಯ ಚಲನ್‌ಗಳನ್ನೆಲ್ಲ ಹುಡುಕಿ ಪ್ಲೇಟ್ ನಮ್ಮದಲ್ಲ ಎಂದು ತೋರಿಸುವ ಹೊಣೆ ವರ್ಕ್‌ಶಾಪಿನ ತಲೆಗೆ ಬರುತ್ತದೆ.

ಕಾರ್ಖಾನೆಯ ಕಡೆಗೂ ತೊಡಕಿದೆ. ಜಾಬ್ ವರ್ಕಿಗೆ ಕಳಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ವಾಪಸ್ ಬರಬೇಕೆಂದು 143ನೇ ಕಲಮು ಹೇಳುತ್ತದೆ. ಬಾರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಹೋದ, ಬಂದ ಸರಕಿನ ಲೆಕ್ಕವನ್ನು ಕಾರ್ಖಾನೆ ಐಟಿಸಿ-04 ನಮೂನೆಯಲ್ಲಿ ಕೊಡುತ್ತದೆ. ಆ ಲೆಕ್ಕದ ಎದುರು ಜಾಬ್ ವರ್ಕಿನ ಬಿಲ್ ಇರಬೇಕು. ಸಿಕ್ಕಿದ್ದು ಉಕ್ಕು ಮಾರಿದ ಬಿಲ್ ಎಂದಾದರೆ, ಬಂದ ಸರಕು ನಮ್ಮದೇ ಪ್ಲೇಟಿನದೋ ಹೊಸದಾಗಿ ಕೊಂಡದ್ದೋ ಎಂಬ ಗೊಂದಲ. ಅಕೌಂಟ್ಸ್ ವಿಭಾಗದಿಂದ ಬಿಲ್ ಹಿಂದಕ್ಕೆ ಬರುವುದು, ಹಣ ಎರಡು ತಿಂಗಳು ತಡವಾಗುವುದು ಇಲ್ಲಿಂದಲೇ.

9954 ಅನ್ನು ಬೇಕಾಬಿಟ್ಟಿ ಬರೆದರೂ ಕಷ್ಟ. ಸ್ಥಿರ ಆಸ್ತಿ ಕಟ್ಟುವ ಗುತ್ತಿಗೆ ಕೆಲಸದ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಖರೀದಿದಾರರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಪ್ಲಾಂಟ್ ಮತ್ತು ಮಷಿನರಿಗೆ ಮಾತ್ರ ವಿನಾಯಿತಿ. ಅವನ್ನು ಹೊತ್ತು ನಿಲ್ಲುವ ಆಧಾರ ರಚನೆಗೂ ಈ ವಿನಾಯಿತಿ ಉಂಟು, ಕಟ್ಟಡಕ್ಕಿಲ್ಲ. ಆದ್ದರಿಂದ ಎತ್ತಿ ನಿಲ್ಲಿಸಿದ ಸಾಲಿನಲ್ಲಿ ‘ಎರೆಕ್ಷನ್ ಚಾರ್ಜ್’ ಎಂದಷ್ಟೇ ಬಿಡಬೇಡಿ. ಯಾವ ಕನ್ವೇಯರಿನ ಯಾವ ರಚನೆ ಎಂದು ಬರೆಯಿರಿ. ಆ ಒಂದು ಸಾಲಿನ ಮೇಲೆ ಕಾರ್ಖಾನೆಯ ₹13,824 ಕ್ರೆಡಿಟ್ ನಿಂತಿದೆ.

ಇನ್ನು, ತೆರಿಗೆ ದರ ಯಾವಾಗಲೂ ಒಂದೇ ಇತ್ತೆಂಬುದೂ ಸರಿಯಲ್ಲ. ನೋಂದಾಯಿತ ವ್ಯಾಪಾರಿಗೆ ಮಾಡಿಕೊಡುವ ಇಂಥ ಜಾಬ್ ವರ್ಕಿಗೆ 2019ರ ಅಕ್ಟೋಬರ್‌ನಿಂದ ಶೇ 12 ಇತ್ತು. ಶೇ 18 ಆದದ್ದು 2025ರ ಸೆಪ್ಟೆಂಬರ್ 22ರಿಂದ. ಆ ಆರು ವರ್ಷ 7308 ಎಂದು ಬರೆಯುತ್ತಿದ್ದವರು ನಮ್ಮ ಲೆಕ್ಕದಂಥ ಪ್ರತಿ ಬಿಲ್ಲಿನಲ್ಲೂ ₹11,520 ಹೆಚ್ಚುವರಿ ತೆರಿಗೆ ಹಾಕಿದಂತಾಯಿತು.

ನಂಬಿಕೆ: ಖರೀದಿ ಬಿಲ್ಲಿನ ಕೋಡನ್ನೇ ನಕಲು ಮಾಡಿದರೆ ಸುರಕ್ಷಿತ

ತಂದ ವಸ್ತುವನ್ನು ಹಾಗೇ ಮಾರಿದರೆ ಮಾತ್ರ ಇದು ನಿಜ. ಬೋಲ್ಟಿನ ಪೆಟ್ಟಿಗೆ ತಂದು ಪೆಟ್ಟಿಗೆಯನ್ನೇ ಮಾರಿದರೆ 7318 ಬಂದಂತೆ 7318 ಹೋಗುತ್ತದೆ. ಆ್ಯಂಗಲ್ 7216ರಲ್ಲಿ ಬರುತ್ತದೆ. ಉದ್ದಕ್ಕೆ ಕತ್ತರಿಸಿ ಮಾರಿದರೂ 7216. ಅದನ್ನೇ ರಚನೆಯೊಂದರ ಡ್ರಾಯಿಂಗಿನ ಪ್ರಕಾರ ಸಿದ್ಧಪಡಿಸಿ ಮಾರಿದರೆ 7308, ಏಕೆಂದರೆ ರಚನೆಗಳಲ್ಲಿ ಬಳಸಲೆಂದು ಸಿದ್ಧಪಡಿಸಿದ ಆ್ಯಂಗಲ್, ಪ್ಲೇಟುಗಳೂ ಆ ಶೀರ್ಷಿಕೆಯೊಳಗೇ ಇವೆ. ಅದೇ ಆ್ಯಂಗಲ್ ಕನ್ವೇಯರಿನ ರೋಲರ್ ಕೂರಿಸುವ ಬ್ರಾಕೆಟ್ ಆದರೆ 73ನೇ ಅಧ್ಯಾಯವನ್ನೇ ಬಿಟ್ಟು ಯಂತ್ರಭಾಗಗಳ 8431ಕ್ಕೆ ಹೋಗುತ್ತದೆ. ಯಂತ್ರಕ್ಕೆಂದೇ ಮಾಡಿದ ಭಾಗವನ್ನು ಕಬ್ಬಿಣದ್ದು ಎಂಬ ಕಾರಣಕ್ಕೆ 73ರಲ್ಲಿ ಇಡುವಂತಿಲ್ಲವೆಂದು ಸುಂಕಪಟ್ಟಿಯ ಟಿಪ್ಪಣಿಯೇ ಹೇಳುತ್ತದೆ. ಗೊತ್ತಾಗದ್ದಕ್ಕೆಲ್ಲ ‘ಕಬ್ಬಿಣದ ಇತರ ವಸ್ತು’ 7326 ಎಂದು ಬರೆಯುವ ರೂಢಿ ಬಿಡಬೇಕು. ಬೇರೆಲ್ಲೂ ಜಾಗ ಸಿಗದಾಗ ಮಾತ್ರ ಅದು.

ನೋಂದಣಿ ಪತ್ರದಲ್ಲಿ ಕೊಟ್ಟ ಕೋಡ್‌ಗಳನ್ನಷ್ಟೇ ಬಿಲ್ಲಿನಲ್ಲಿ ಬರೆಯಬೇಕೆಂದು ಹೆದರುವವರೂ ಇದ್ದಾರೆ. ನೋಂದಣಿ ಅರ್ಜಿ ಕೇಳುವುದು ಮುಖ್ಯವಾದ ಐದು ಸರಕು, ಐದು ಸೇವೆಗಳನ್ನು. ಬಿಲ್ಲಿಗೆ ಅದು ಬೇಲಿಯಲ್ಲ.

ನಂಬಿಕೆ: ನಾಲ್ಕಂಕಿಗೆ ಎರಡು ಸೊನ್ನೆ ಸೇರಿಸಿದರೆ ಆರಂಕಿ

ಹಿಂದಿನ ಆರ್ಥಿಕ ವರ್ಷದ ವಹಿವಾಟು ₹5 ಕೋಟಿ ಮೀರಿದವರು ಆರಂಕಿ ಬರೆಯಬೇಕು. ಅದರೊಳಗಿನವರಿಗೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲಿನಲ್ಲಿ ನಾಲ್ಕಂಕಿ ಸಾಕು. 2021ರ ಏಪ್ರಿಲ್‌ನಿಂದ ಇದೇ ನಿಯಮ. ಟ್ಯಾಂಕಿಗೆ 730900 ಎಂಬುದು ನಿಜವಾಗಿಯೂ ಇರುವ ಕೋಡ್. ಅದನ್ನು ನೋಡಿದವರು ರಚನೆಗೆ 730800 ಎಂದು ಬರೆಯುತ್ತಾರೆ, ಅಂಥದ್ದು ಇಲ್ಲವೇ ಇಲ್ಲ. 7308ರ ಕೆಳಗೆ ಸೇತುವೆಗೆ 730810, ಗೋಪುರಕ್ಕೆ 730820, ಬಾಗಿಲು–ಕಿಟಕಿಗೆ 730830, ಸೆಂಟ್ರಿಂಗ್ ಸಾಮಾನಿಗೆ 730840, ಉಳಿದದ್ದಕ್ಕೆ 730890.

ತಪ್ಪಾಗಿದ್ದು ಗೊತ್ತಾದರೆ ತಡಮಾಡಬೇಡಿ. ಜಿಎಸ್‌ಟಿಆರ್-1 ಸಲ್ಲಿಸಿ 3ಬಿ ಇನ್ನೂ ಸಲ್ಲಿಸಿಲ್ಲವಾದರೆ, ಜಿಎಸ್‌ಟಿಆರ್-1ಎ ಮೂಲಕ ಅದೇ ತಿಂಗಳೇ ಸರಿಪಡಿಸಬಹುದು. ಅದು ದಾಟಿದರೆ ಮುಂದಿನ ತಿಂಗಳುಗಳ ರಿಟರ್ನ್‌ನಲ್ಲಿ, ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಅಲ್ಲಿಗೇ ಮುಗಿಯಿತು.

ನಮ್ಮ ಲೆಕ್ಕದಲ್ಲಿ 400 ಕಿಲೋ ಇನ್ನೂ ಉಳಿದಿದೆ. ಬಂದದ್ದು 10,000, ತಯಾರಾಗಿ ಹೋದದ್ದು 9,600. ಕತ್ತರಿಸಿದ ತುಂಡುಗಳು 340 ಕಿಲೋ, ಕಿಡಿ–ಧೂಳಾಗಿ ಹೋದದ್ದು 60 ಎನ್ನೋಣ. ಆ ತುಂಡುಗಳನ್ನು ಕಾರ್ಖಾನೆಗೆ ಮರಳಿಸಿದರೆ ವಾಪಸ್ ಚಲನ್‌ನಲ್ಲಿ ತೂಕ ಬರೆದರಾಯಿತು, ಮಾರಾಟವಿಲ್ಲ. ಕಾರ್ಖಾನೆಯ ಒಪ್ಪಿಗೆಯಿಂದ ನೋಂದಾಯಿತ ವರ್ಕ್‌ಶಾಪೇ ಗುಜರಿಗೆ ಮಾರಿದರೆ ತೆರಿಗೆ ಹಾಕಿ ಬಿಲ್ ಮಾಡಬೇಕು. ಅದು ಉಕ್ಕಿನ ಸ್ಕ್ರ್ಯಾಪ್, ಕೋಡ್ 7204.