ಏಳಡಿಯ ಪರದೆ, ಏಳೂವರೆ ಅಡಿಯ ರಾಡು

ಮೈಸೂರಿನ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ಹಾಲ್‌ನ ಕಿಟಕಿಗೆ ಪರದೆ ತಂದೆ. ಕಿಟಕಿ 5 ಅಡಿ ಅಗಲ, 4 ಅಡಿ ಎತ್ತರ. ಅದರ ಮೇಲಂಚು ನೆಲದಿಂದ 7 ಅಡಿ. ಪರದೆ ನೆಲ ಮುಟ್ಟುವಂತಿರಲಿ ಎಂದುಕೊಂಡು ಅಂಗಡಿಯಲ್ಲಿ ಸಿದ್ಧವಿದ್ದ 4 ಅಡಿ ಅಗಲ, 7 ಅಡಿ ಉದ್ದದ ಎರಡು ಪರದೆ ಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು ಅನ್ನಿ. ನೇತುಹಾಕಿ ನೋಡಿದರೆ ಕೆಳಗೆ ಏಳು ಇಂಚು ಗೋಡೆ ಇಣುಕುತ್ತಿತ್ತು. ಎಳೆದು ಮುಚ್ಚಿದರೆ ನೆರಿಗೆಯೇ ಇಲ್ಲ, ಒಣಹಾಕಿದ ಬೆಡ್‌ಶೀಟಿನ ಹಾಗೆ!

ತಪ್ಪು ಎಲ್ಲಿ ಎಂದರೆ, ನಾನು ಕಿಟಕಿಯನ್ನು ಅಳೆದಿದ್ದೆ. ಪರದೆ ನೇತಾಡುವುದು ರಾಡಿನಿಂದ. ರಾಡಿದ್ದದ್ದು ಕಿಟಕಿಗಿಂತ 6 ಇಂಚು ಮೇಲೆ, ಅಂದರೆ ನೆಲದಿಂದ 90 ಇಂಚಿನಲ್ಲಿ. ಎಡಬಲಕ್ಕೂ ಆರಾರು ಇಂಚು ಚಾಚಿಕೊಂಡು ಅದರ ಉದ್ದ 72 ಇಂಚಾಗಿತ್ತು. ಆದ್ದರಿಂದ ಮೊದಲು ರಾಡು ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸಿ, ಆಮೇಲೆ ಟೇಪು ಹಿಡಿಯಬೇಕು.

ರಾಡನ್ನು ಕಿಟಕಿಯ ಸಂದಿಯೊಳಗೇ ಕೂರಿಸಬಹುದು, ಇಲ್ಲವೇ ಹೊರಗಿನ ಗೋಡೆಗೆ. ಒಳಗೆ ಕೂರಿಸಿದರೆ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಅಥವಾ ಚೌಕಟ್ಟು ಗೋಡೆಯ ಒಳಮೈಗೆ ಸಮನಾಗಿದ್ದರೆ ಅದು ಆಗದ ಮಾತು. ನೆರಿಗೆ ಮಡಚಿಕೊಳ್ಳಲು ಮೂರು ನಾಲ್ಕು ಇಂಚಿನ ಆಳವಾದರೂ ಬೇಕು. ಒಳಗಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ, ಗಾರೆ ಕೆಲಸದಲ್ಲಿ ಅರ್ಧ ಇಂಚಿನ ಹೆಚ್ಚುಕಡಿಮೆ ಮಾಮೂಲು. ಎತ್ತರದಲ್ಲಿ ಕೆಳಗಿನ ಕಲ್ಲಿಗೆ ತಾಗದಂತೆ ಅರ್ಧ ಇಂಚು ಬಿಡಿ. ಇಷ್ಟೆಲ್ಲ ಮಾಡಿದರೂ ಪರದೆ ಸರಿಸಿದಾಗ ಅದರ ಮುದ್ದೆ ಗಾಜಿನ ಮೇಲೆಯೇ ನಿಂತು ಬೆಳಕನ್ನು ತಡೆಯುತ್ತದೆ. ಹೊರಗಿನ ರಾಡಾದರೆ ಆ ಮುದ್ದೆಯ ಬಹುಭಾಗ ಗೋಡೆಯ ಮೇಲೆ ಹೋಗುತ್ತದೆ, ಮುಚ್ಚಿದಾಗ ಪಕ್ಕದಿಂದ ಬಿಸಿಲೂ ತೂರುವುದಿಲ್ಲ. ನನ್ನ ಮತ ಹೊರಗಿನದಕ್ಕೇ.

ಇನ್ನು ನೆರಿಗೆ. ರಿಂಗ್ ಕೂರಿಸಿದ ಪರದೆಗೆ ರಾಡಿನ ಉದ್ದದ ಎರಡು ಪಟ್ಟು ಬಟ್ಟೆ ಬೇಕು. ಮೇಲೆ ಚಿವುಟಿ ಹೊಲಿದ ನೆರಿಗೆಯಾದರೆ ಎರಡೂವರೆ ಪಟ್ಟು. ನನ್ನ 72 ಇಂಚಿಗೆ 144 ಇಂಚು ಬೇಕಿತ್ತು, ನಾನು ತಂದದ್ದು ನಾಲ್ಕಡಿಯ ಎರಡು, ಒಟ್ಟು 96. ಪ್ಯಾಕೆಟ್ಟಿನ ಮೇಲಿನ ಅಗಲ ಬಟ್ಟೆಯನ್ನು ಹಾಸಿ ಅಳೆದದ್ದು, ನೆರಿಗೆ ಬಿದ್ದ ಮೇಲಿನದಲ್ಲ ಎಂಬುದು ಆಗ ಹೊಳೆಯಲಿಲ್ಲ.

ಕೊನೆಗೆ ಬಟ್ಟೆ ತಂದು ಹೊಲಿಸಿದೆ. ಬಟ್ಟೆಯ ಪನ್ನ 48 ಇಂಚು, ಹಾಗಾಗಿ ಮೂರು ಪನ್ನ. ಒಂದನ್ನು ಉದ್ದಕ್ಕೆ ಸೀಳಿ ಎರಡೂ ಪರದೆಗೆ ಒಂದೂವರೆ ಪನ್ನ ಬರುವಂತೆ ಟೈಲರ್ ಜೋಡಿಸಿದರು. ಜೋಡಣೆಗೆ 1 ಇಂಚು, ಎರಡು ಬದಿಯ ಮಡಿಕೆಗೆ 3 ಇಂಚು ಹೋಗಿ, 72 ಇಂಚಿನ ಬಟ್ಟೆ 68 ಇಂಚಿನ ಪರದೆಯಾಯಿತು. ಎರಡೂ ಸೇರಿ 136, ಎರಡು ಪಟ್ಟಿಗೆ ತುಸು ಕಡಿಮೆ, ಆದರೆ ನೆರಿಗೆ ಚೆನ್ನಾಗಿಯೇ ಬಿತ್ತು. ರಿಂಗುಗಳ ಸಂಖ್ಯೆ ಮಾತ್ರ ಸಮಸಂಖ್ಯೆಯೇ ಆಗಬೇಕೆಂದು ಅವರು ಹಟ ಹಿಡಿದರು. ಬೆಸವಾದರೆ ಒಂದು ಅಂಚು ಗೋಡೆಯತ್ತ, ಇನ್ನೊಂದು ಕೋಣೆಯತ್ತ ತಿರುಗಿ ನಿಲ್ಲುತ್ತದಂತೆ. ಹಳೆಯ ಪರದೆಯಲ್ಲಿ ಒಂದು ರಿಂಗನ್ನು ರಾಡಿನಿಂದ ಬಿಟ್ಟು ನೋಡಿದೆ, ಅವರು ಹೇಳಿದ್ದು ದಿಟ.

ಉದ್ದದ ಲೆಕ್ಕ ಸುಲಭ. ರಾಡಿನಿಂದ ನೆಲಕ್ಕೆ 90 ಇಂಚು, ರಿಂಗಿನ ಮೇಲೆ ಚಾಚುವ ಅಂಚಿಗೆ 1 ಇಂಚು ಸೇರಿಸಿ, ನೆಲ ಗುಡಿಸುವಾಗ ತೊಡಕಾಗದಂತೆ ಅರ್ಧ ಇಂಚು ಕಳೆದರೆ ತೊಂಬತ್ತೂವರೆ. ಮೇಲಿನ ಪಟ್ಟಿಗೂ ಕೆಳಗಿನ ಮಡಿಕೆಗೂ ಸೇರಿ 12 ಇಂಚು. ಹಾಗೆ ಒಂದೊಂದು ಪನ್ನಕ್ಕೆ 102.5 ಇಂಚು, ಮೂರಕ್ಕೆ 307.5. ಮೀಟರಿನಲ್ಲಿ ಹೇಳುವುದಾದರೆ ಎಂಟಕ್ಕೆ ಸ್ವಲ್ಪ ಕಡಿಮೆ. ಎಂಟು ಮೀಟರ್ ಸಾಕಾಯಿತು, ಸಾದಾ ಬಟ್ಟೆಯಾದದ್ದರಿಂದ. ದೊಡ್ಡ ಹೂವಿನ ವಿನ್ಯಾಸವಿದ್ದು ಅದು 24 ಇಂಚಿಗೊಮ್ಮೆ ಮರಳುವಂತಿದ್ದರೆ, ಹೂವಿಗೆ ಹೂವು ಕೂಡಿಸಲು ಪ್ರತಿ ಪನ್ನವನ್ನೂ 120 ಇಂಚಿಗೆ ಕತ್ತರಿಸಬೇಕಿತ್ತು. ಆಗ ಒಂಬತ್ತು ಮೀಟರೂ ಸಾಲುತ್ತಿರಲಿಲ್ಲ.

ಹತ್ತಿಯದಾದರೆ ಕತ್ತರಿಸುವ ಮುನ್ನ ಒಮ್ಮೆ ಒಗೆದು ಒಣಗಿಸಿ. ನೂರಕ್ಕೆ ಮೂರು ಭಾಗ ಕುಗ್ಗಿದರೂ ಇಷ್ಟುದ್ದದ ಪರದೆ ಮೂರು ಇಂಚಿನಷ್ಟು ಮೇಲೇರುತ್ತದೆ. ನನ್ನ ಮೊದಲ ಜೋಡಿ ಈಗ ಅಡುಗೆಮನೆಯ ಕಿಟಕಿಯಲ್ಲಿದೆ, ಕೆಳಗಿನಿಂದ ಎರಡಡಿ ಕತ್ತರಿಸಿ.