ಲಾಭದ ವಹಿವಾಟೂ ಎಷ್ಟು ಕುಸಿದಿತ್ತು?

ಷೇರು ಕೊಂಡ ಮೇಲೆ, ಮಾರುವ ಮುನ್ನ ಬೆಲೆ ಎಷ್ಟು ಕೆಳಗಿಳಿದಿತ್ತು, ಎಷ್ಟು ಮೇಲೇರಿತ್ತು? ಪ್ರತಿ ಹಳೆಯ ವಹಿವಾಟಿಗೂ ಈ ಎರಡು ಅಂಕಿ ಬರೆದಿಡುವ ಕ್ರಮವನ್ನು 1990ರ ದಶಕದಲ್ಲಿ ಜಾನ್ ಸ್ವೀನಿ ಪುಸ್ತಕವಾಗಿಸಿದರು.

ಒಬ್ಬರ 40 ವಹಿವಾಟುಗಳಲ್ಲಿ 24 ಲಾಭ ತಂದಿವೆ, ಉಳಿದ 16 ತಲಾ 25 ರೂಪಾಯಿಯ ಸ್ಟಾಪ್‌ಲಾಸ್ ಮುಟ್ಟಿವೆ ಎಂದಿಟ್ಟುಕೊಳ್ಳಿ. ಲಾಭದವುಗಳಲ್ಲಿ 22, ಕೊಂಡ ಬೆಲೆಗಿಂತ 12 ರೂಪಾಯಿಗಿಂತ ಹೆಚ್ಚು ಇಳಿದೇ ಇಲ್ಲ. ಸ್ಟಾಪ್‌ಲಾಸನ್ನು 13ಕ್ಕೆ ತಂದರೆ 16 ನಷ್ಟಗಳಲ್ಲಿ 192 ರೂಪಾಯಿ ಉಳಿಯುತ್ತದೆ. ಇನ್ನೂ ಕೆಳಗಿಳಿದು ತಲಾ 30 ರೂಪಾಯಿ ಗಳಿಸಿದ್ದ ಎರಡು ವಹಿವಾಟು ನಷ್ಟಕ್ಕೆ ತಿರುಗಿ 86 ಹೋಗುತ್ತದೆ. ನಿವ್ವಳ ಉಳಿತಾಯ 106.

ಗುರಿ ಬೆಲೆಗೆ ಏರಿಕೆಯ ಅಂಕಿ ಬೇಕು. ಆದರೆ ಗುರಿ ಮುಟ್ಟಿದೊಡನೆ ಮಾರಿದ್ದರೆ, ಆಮೇಲಿನ ಏರಿಕೆ ಲೆಕ್ಕಕ್ಕೆ ಸಿಗದು. ಅದನ್ನು ಚಾರ್ಟ್‌ನಲ್ಲೇ ನೋಡಬೇಕು. ಹೊಸ ಮಟ್ಟವನ್ನು ಲೆಕ್ಕಕ್ಕೆ ಬಳಸದ ಬೇರೆ ವಹಿವಾಟುಗಳ ಮೇಲೂ ಪರೀಕ್ಷಿಸಬೇಕು.